ಆರ್ಡರ್ ಒಂದೇ ಸಲ, ಉಳಿದರೆ ರದ್ದಿ: ಎಷ್ಟು ತರಿಸಬೇಕು?

ನಾಳೆಗೆ ಎಷ್ಟು ಪತ್ರಿಕೆ ಬೇಕು ಅಂತ ಇವತ್ತೇ ಹೇಳಬೇಕು. ನಡುವೆ ಮತ್ತೆ ತರಿಸೋ ಹಾಗಿಲ್ಲ, ಉಳಿದದ್ದು ಸಂಜೆಗೆ ರದ್ದಿ. ಈ ಲೆಕ್ಕಕ್ಕೆ ನ್ಯೂಸ್‌ವೆಂಡರ್ ಮಾಡೆಲ್ ಅನ್ನುತ್ತಾರೆ. ಬೇಗ ಬಾಡುವ ಹೂವಿಗೂ ಇದೇ ಲೆಕ್ಕ ನಡೆಯುತ್ತದೆ.

ಮೊದಲು ಎರಡು ನಷ್ಟಗಳನ್ನು ಬರೆದುಕೊಳ್ಳಿ. ಒಂದು ಪ್ರತಿಯ ಅಸಲು 6, ಮಾರುವ ಬೆಲೆ 10, ರದ್ದಿಗೆ ಹಾಕಿದರೆ ಸಿಗುವುದು 1 ಎಂದಿಟ್ಟುಕೊಳ್ಳೋಣ. ಒಂದು ಪ್ರತಿ ಕಡಿಮೆ ಬಿದ್ದರೆ ಕೈತಪ್ಪುವ ಲಾಭ 4. ಒಂದು ಜಾಸ್ತಿಯಾದರೆ ಕೈಯಿಂದ ಹೋಗುವುದು 5.

ಈಗ ಕಡಿಮೆ ಬಿದ್ದಾಗಿನ ನಷ್ಟವನ್ನು ಎರಡೂ ನಷ್ಟಗಳ ಮೊತ್ತದಿಂದ ಭಾಗಿಸಿ. 4 ಭಾಗಿಸು 9, ಅಂದರೆ ಸುಮಾರು 0.44. ಇದೇ ಕ್ರಿಟಿಕಲ್ ರೇಷಿಯೋ. ನೂರು ದಿನಗಳಲ್ಲಿ ಸುಮಾರು 44 ದಿನವಾದರೂ ಎಲ್ಲ ಗಿರಾಕಿಗಳಿಗೂ ಸಾಲುವಷ್ಟು ತರಿಸಿ ಎಂದು ಅದು ಹೇಳುತ್ತದೆ.

ಮುಂದೆ ಹಳೆಯ ಲೆಕ್ಕದ ಪುಸ್ತಕ ತೆಗೆಯಿರಿ. 20 ದಿನಗಳಲ್ಲಿ 2 ದಿನ 20 ಪ್ರತಿ ಕೇಳಿದ್ದಾರೆ, 3 ದಿನ 25, 5 ದಿನ 30, 5 ದಿನ 35, 3 ದಿನ 40, 2 ದಿನ 45. ಚಿಕ್ಕದರಿಂದ ಕೂಡಿಸುತ್ತಾ ಹೋಗಿ. 25 ತರಿಸಿದರೆ 5 ದಿನಕ್ಕೆ ಮಾತ್ರ ಸಾಲುತ್ತದೆ, ಅಂದರೆ 0.25. 30 ತರಿಸಿದರೆ 10 ದಿನಕ್ಕೆ, ಅಂದರೆ 0.50. 0.44 ದಾಟುವ ಮೊದಲ ಸಂಖ್ಯೆ 30. ಅಷ್ಟೇ ತರಿಸಿ.

ಸರಾಸರಿ ಬೇಡಿಕೆ 32.5 ಇದೆಯಲ್ಲ, ಅದಕ್ಕಿಂತ ಕಡಿಮೆ ಯಾಕೆ? 30ರ ಮೇಲೆ ಇನ್ನೊಂದು ಪ್ರತಿ ಇಟ್ಟರೆ ಅದು ಮಾರಿಹೋಗುವ ಸಾಧ್ಯತೆ ಅರ್ಧ. ಅರ್ಧ ಸಾಧ್ಯತೆಯಲ್ಲಿ 4 ಬರುತ್ತದೆ, ಇನ್ನರ್ಧದಲ್ಲಿ 5 ಹೋಗುತ್ತದೆ. ಲೆಕ್ಕ ನಷ್ಟದ ಕಡೆಗೇ ವಾಲುತ್ತದೆ, ಅಲ್ವಾ? ಹೀಗಿದ್ದರೂ ಹೆಚ್ಚಿನವರ ಕೈ ಸುಮ್ನೆ ಸರಾಸರಿಯ ಕಡೆಗೇ ಹೋಗುತ್ತದೆ.

ಉಳಿದದ್ದನ್ನು ಸರಬರಾಜುದಾರರು 5ಕ್ಕೆ ವಾಪಸ್ ತೆಗೆದುಕೊಂಡರೆ ಉತ್ತರವೇ ಬೇರೆ. ಜಾಸ್ತಿಯಾದರೆ ಆಗುವ ನಷ್ಟ 1ಕ್ಕೆ ಇಳಿಯುತ್ತದೆ, ರೇಷಿಯೋ 0.8 ಆಗುತ್ತದೆ. 35ಕ್ಕೆ 0.75 ಮಾತ್ರ ಸಿಗುತ್ತದೆ, ಹಾಗಾಗಿ 40 ತರಿಸಬೇಕು. ಗಿರಾಕಿಗಳು ಅವರೇ, ಬೇಡಿಕೆಯೂ ಅದೇ. ನನ್ನ ಕೇಳಿದರೆ, ಬೇಡಿಕೆ ಊಹಿಸೋಕೆ ತಲೆ ಕೆಡಿಸಿಕೊಳ್ಳೋ ಮುಂಚೆ ವಾಪಸಾತಿಯ ಚೌಕಾಸಿ ಮಾಡಿ.

ಲೆಕ್ಕ ಕೆಡುವುದು ಹೆಚ್ಚಾಗಿ ಪುಸ್ತಕದಲ್ಲೇ. ಅಲ್ಲಿರುವುದು ಮಾರಾಟ, ಬೇಡಿಕೆಯಲ್ಲ. 30 ತರಿಸಿ ಮೂವತ್ತೂ ಖಾಲಿಯಾದ ದಿನ ಇನ್ನೆಷ್ಟು ಜನ ಬರಿಗೈಲಿ ಹೋದರೋ ಗೊತ್ತಾಗುವುದಿಲ್ಲ. ಅದನ್ನೇ ಬೇಡಿಕೆ ಎಂದುಕೊಂಡರೆ ಆರ್ಡರ್ ಕುಗ್ಗುತ್ತಾ ಹೋಗುತ್ತದೆ. ತಂದಷ್ಟೇ ಮಾರಿದ ದಿನಗಳು ಪುಸ್ತಕದಲ್ಲಿ ಮತ್ತೆ ಮತ್ತೆ ಕಂಡರೆ ಅನುಮಾನ ಪಡಿ. ಅಂಥ ದಿನ ಎಷ್ಟು ಗಂಟೆಗೆ ಖಾಲಿಯಾಯಿತು, ಆಮೇಲೆ ಎಷ್ಟು ಜನ ಕೇಳಿದರು ಎಂದು ಪಕ್ಕದಲ್ಲೇ ಬರೆದಿಡಿ.