ಸುಧಾರಣಾ ನೋಟಿಸಿಗೆ ಹೋಟೆಲ್ ಮಾಲೀಕರು ಉತ್ತರ ಬರೆಯುವುದು ಹೇಗೆ?

‘ತಾವು ತಿಳಿಸಿದ ಎಲ್ಲ ನ್ಯೂನತೆಗಳನ್ನು ಸರಿಪಡಿಸಲಾಗಿದೆ, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ.’ ಆಹಾರ ಸುರಕ್ಷತಾ ತಪಾಸಣೆಯ ನಂತರ ಬರುವ ನೋಟಿಸಿಗೆ ಹೋಟೆಲಿನವರು ಬರೆಯುವ ಉತ್ತರ ಹೆಚ್ಚಾಗಿ ಇಷ್ಟೇ ಇರುತ್ತದೆ. ಅಡುಗೆಮನೆಯಲ್ಲಿ ನಿಜವಾಗಿಯೂ ಶ್ರಮಪಟ್ಟು ಎಲ್ಲವನ್ನೂ ಸರಿಮಾಡಿದವರ ಪತ್ರವೂ, ಏನೂ ಮಾಡದವರ ಪತ್ರವೂ ಒಂದೇ ರೀತಿ ಕಾಣುವುದನ್ನು ನೋಡಿ ನನಗೆ ಬೇಸರವಾಗಿದೆ.

ಮೊದಲು ನೋಟಿಸನ್ನು ಪೂರ್ತಿ ಓದಿ, ಗಡುವಿನ ದಿನಾಂಕವನ್ನು ಗುರುತು ಹಾಕಿಕೊಳ್ಳಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 32ನೇ ಕಲಮಿನಡಿ ಅಂಕಿತಾಧಿಕಾರಿಗಳು ಕೊಡುವ ಸುಧಾರಣಾ ನೋಟಿಸಿನಲ್ಲಿ ಕನಿಷ್ಠ 14 ದಿನಗಳ ಕಾಲಾವಕಾಶವಿರುತ್ತದೆ. ಅಷ್ಟರಲ್ಲಿ ಲೋಪ ಸರಿಹೋಗದಿದ್ದರೆ ಪರವಾನಗಿಯನ್ನು ಅಮಾನತಿನಲ್ಲಿ ಇಡಬಹುದು. ಆದ್ದರಿಂದ ದುರಸ್ತಿ ಮೊದಲು, ಪತ್ರ ಆಮೇಲೆ.

ಪತ್ರದ ತಲೆಭಾಗ ಸುಲಭ: ಹೋಟೆಲಿನ ಹೆಸರು, ವಿಳಾಸ, 14 ಅಂಕಿಗಳ ಪರವಾನಗಿ ಸಂಖ್ಯೆ, ವಿಷಯ, ಮತ್ತು ಉಲ್ಲೇಖದಲ್ಲಿ ನೋಟಿಸಿನ ಸಂಖ್ಯೆ ಹಾಗೂ ದಿನಾಂಕ.

ಕಷ್ಟವಿರುವುದು ಒಂದೊಂದು ಲೋಪಕ್ಕೂ ಉತ್ತರ ಕೊಡುವಲ್ಲಿ. ನೋಟಿಸಿನಲ್ಲಿರುವ ಕ್ರಮಸಂಖ್ಯೆಯನ್ನೇ ಇಟ್ಟುಕೊಳ್ಳಿ. ಎರಡು ಅಂಶಗಳನ್ನು ಒಂದಾಗಿ ಬೆರೆಸಬೇಡಿ. ಪ್ರತಿ ಅಂಶದಲ್ಲೂ ಏನು ಕಂಡುಬಂದಿತ್ತು, ಅದು ಏಕಾಯಿತು, ಯಾವ ದಿನ ಏನು ಮಾಡಿದಿರಿ, ಮತ್ತೆ ಆಗದಂತೆ ಯಾರು ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ಇರಲೇಬೇಕು. ಇವುಗಳಲ್ಲಿ ಜನ ಹೆಚ್ಚಾಗಿ ಬಿಟ್ಟುಬಿಡುವುದು ಕಾರಣವನ್ನು. ಕಾರಣ ಹೇಳಿದರೆ ತಪ್ಪೊಪ್ಪಿಕೊಂಡಂತಾಗುತ್ತದೆ ಎಂಬ ಹೆದರಿಕೆ ಇದಕ್ಕೆ ಮೂಲ. ಆದರೆ ಕಾರಣ ಗೊತ್ತಿಲ್ಲದೆ ಮಾಡಿದ ದುರಸ್ತಿ ನಿಲ್ಲುವುದಿಲ್ಲ.

ಒಂದು ಉದಾಹರಣೆ ನೋಡೋಣ. ತಪಾಸಣೆಯ ದಿನ ಫ್ರಿಜ್ಜಿನೊಳಗೆ 11 ಡಿಗ್ರಿ ಸೆಲ್ಸಿಯಸ್ ಇತ್ತು, ಕಾಯಿಚಟ್ನಿಯ ಪಾತ್ರೆಗೆ ಮುಚ್ಚಳವಿರಲಿಲ್ಲ ಎಂದಿಟ್ಟುಕೊಳ್ಳಿ. ತಣ್ಣಗೆ ಇಡಬೇಕಾದ ಆಹಾರ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು. ‘ಫ್ರಿಜ್ ರಿಪೇರಿ ಮಾಡಿಸಲಾಗಿದೆ’ ಎಂಬ ಉತ್ತರ ಸಾಲದು. ಹೀಗೆ ಬರೆಯಬೇಕು:

‘ಅಂಶ 3: ಬಾಗಿಲಿನ ರಬ್ಬರ್ ಕೆಳಮೂಲೆಯಲ್ಲಿ ಹರಿದಿದ್ದರಿಂದಲೂ, ಆರದ ಸಾಂಬಾರಿನ ಪಾತ್ರೆಯನ್ನು ರಾತ್ರಿ ಒಳಗಿಡುತ್ತಿದ್ದುದರಿಂದಲೂ ಫ್ರಿಜ್ಜಿನ ಉಷ್ಣತೆ ಏರಿತ್ತು. ಒಳಗಿದ್ದ ಚಟ್ನಿಯನ್ನು ತಪಾಸಣೆಯ ದಿನವೇ ಚೆಲ್ಲಲಾಗಿದೆ. ದಿನಾಂಕ 6ರಂದು ರಬ್ಬರ್ ಬದಲಾಯಿಸಲಾಗಿದ್ದು, ಬಿಲ್ಲು ಲಗತ್ತಿಸಿದೆ. ಉಳಿದ ಸಾಂಬಾರನ್ನು ಇಟ್ಟುಕೊಳ್ಳುವುದನ್ನು ನಿಲ್ಲಿಸಲಾಗಿದೆ. ಚಟ್ನಿಯನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಮೇಲಿನ ತಟ್ಟೆಯಲ್ಲಿಯೂ, ಹಸಿ ತರಕಾರಿಯನ್ನು ಕೆಳಗೂ ಇಡಲಾಗುತ್ತಿದೆ. ಬೆಳಿಗ್ಗೆ 6, ಮಧ್ಯಾಹ್ನ 1 ಮತ್ತು ರಾತ್ರಿ 9 ಗಂಟೆಗೆ ಮುಖ್ಯ ಅಡುಗೆಯವರು ಉಷ್ಣತೆ ನೋಡಿ ಬರೆದು ಸಹಿ ಮಾಡುತ್ತಾರೆ. ಏಳು ದಿನಗಳ ದಾಖಲೆಯ ನಕಲು ಲಗತ್ತಿಸಿದೆ.’

ಈ ಉಷ್ಣತೆಯ ಪುಸ್ತಕದಲ್ಲೇ ಅನೇಕರು ಎಡವುತ್ತಾರೆ. ಏಳು ದಿನವೂ ಮೂರು ಹೊತ್ತೂ ‘4’ ಎಂದು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ತುಂಬಿದ ಹಾಳೆಯನ್ನು ಯಾರೂ ನಂಬುವುದಿಲ್ಲ. ನಿಜವಾದ ದಾಖಲೆಯಲ್ಲಿ ಅಂಕಿ ಏರಿಳಿಯುತ್ತದೆ. ಒಂದು ಮಧ್ಯಾಹ್ನ 7 ಬಂದಿದ್ದರೆ 7 ಎಂದೇ ಬರೆದು, ಬಾಗಿಲು ತೆರೆದೇ ಇತ್ತು, ಅರ್ಧ ಗಂಟೆಯ ನಂತರ 4ಕ್ಕೆ ಇಳಿಯಿತು ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕಿ. ಗನ್ನಿನಂತೆ ಹಿಡಿದು ತೋರಿಸುವ ಥರ್ಮಾಮೀಟರನ್ನು ಇದಕ್ಕಾಗಿ ಕೊಳ್ಳಬೇಡಿ; ಅದು ಮೇಲ್ಮೈಯ ಉಷ್ಣತೆಯನ್ನಷ್ಟೇ ಹೇಳುತ್ತದೆ, ಹೊಳೆಯುವ ಸ್ಟೀಲ್ ಪಾತ್ರೆಯ ಮೇಲೆ ಅದನ್ನೂ ತಪ್ಪಾಗಿ ತೋರಿಸುತ್ತದೆ. ಆಹಾರದೊಳಗೆ ಚುಚ್ಚುವ ಕಡ್ಡಿಯ ಥರ್ಮಾಮೀಟರೇ ಬೇಕು. ಪುಡಿ ಐಸು ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಅದರಲ್ಲಿ ಕಡ್ಡಿಯನ್ನು ಅದ್ದಿದಾಗ 0 ಡಿಗ್ರಿಯ ಆಸುಪಾಸು ತೋರಿಸಿದರೆ ಅದು ಸರಿಯಿದೆ ಎಂದರ್ಥ.

ಇನ್ನೂ ಮುಗಿಯದ ಕೆಲಸವನ್ನು ಮುಗಿದಿದೆ ಎಂದು ಎಂದಿಗೂ ಬರೆಯಬೇಡಿ. ನೀರಿನ ಪರೀಕ್ಷಾ ವರದಿ ಕೈಸೇರಿರದಿದ್ದರೆ, ಮಾದರಿ ಕೊಟ್ಟ ದಿನಾಂಕವನ್ನು ತಿಳಿಸಿ, ಪ್ರಯೋಗಾಲಯದ ರಸೀದಿಯನ್ನು ಲಗತ್ತಿಸಿ, ವರದಿ ಬಂದೊಡನೆ ಸಲ್ಲಿಸುವುದಾಗಿ ಬರೆಯಿರಿ. ಕೆಲಸಗಾರರ ವೈದ್ಯಕೀಯ ಪ್ರಮಾಣಪತ್ರದ ವಿಷಯದಲ್ಲೂ ಹೀಗೆಯೇ: ಎಂಟು ಜನರಲ್ಲಿ ಆರು ಜನರದ್ದು ಆಗಿದ್ದರೆ ಆರು ಎಂದೇ ಹೇಳಿ, ಉಳಿದಿಬ್ಬರನ್ನು ಅದು ಬರುವವರೆಗೆ ಅಡುಗೆ ಮತ್ತು ಬಡಿಸುವ ಕೆಲಸದಿಂದ ದೂರ ಇಟ್ಟಿರುವುದನ್ನು ತಿಳಿಸಿ. ಯಾವುದಾದರೂ ಅಂಶ ನಿಜಕ್ಕೂ ತಪ್ಪಾಗಿ ದಾಖಲಾಗಿದ್ದರೆ ಆಧಾರ ಸಮೇತ ವಿನಯದಿಂದ ಬರೆಯಬಹುದು. ಆದರೆ ನೋಟಿಸನ್ನೇ ಪ್ರಶ್ನಿಸುವುದಾದರೆ ಅದಕ್ಕೆ ಆಹಾರ ಸುರಕ್ಷತಾ ಆಯುಕ್ತರ ಮುಂದೆ ಮೇಲ್ಮನವಿಯ ದಾರಿ ಬೇರೆಯೇ ಇದೆ. ಅದರ ಅವಧಿ 15 ದಿನ ಅಥವಾ ನೋಟಿಸಿನ ಗಡುವು, ಯಾವುದು ಮೊದಲೋ ಅದು.

ಫೋಟೊಗಳನ್ನು ಮೊದಲಿನದು, ನಂತರದ್ದು ಎಂದು ಜೋಡಿಯಾಗಿ, ಒಂದೇ ಕೋನದಿಂದ ತೆಗೆಯಿರಿ. ಲಗತ್ತುಗಳಿಗೆ ಅಂಶದ ಸಂಖ್ಯೆಯನ್ನೇ ಹಾಕಿ. ಗಡುವಿಗೆ ಎರಡು ದಿನ ಮೊದಲೇ ಪತ್ರವನ್ನು ಖುದ್ದಾಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕದೊಂದಿಗೆ ಸ್ವೀಕೃತಿ ಪಡೆಯಿರಿ. ಆ ಪ್ರತಿಯನ್ನು ಮನೆಯ ಬೀರುವಿನಲ್ಲಿಡದೆ ಹೋಟೆಲಿನಲ್ಲೇ, ಉಷ್ಣತೆಯ ಪುಸ್ತಕದ ಜೊತೆಗೆ ಇಡಿ. ಮರುತಪಾಸಣೆಗೆ ಅಧಿಕಾರಿ ಬಂದಾಗ ನೀವು ಅಲ್ಲಿರದಿದ್ದರೂ ಮುಖ್ಯ ಅಡುಗೆಯವರು ಎರಡನ್ನೂ ತೆಗೆದು ತೋರಿಸುವಂತಿರಬೇಕು.