ಚೌಕಗಳಿಗಿಂತ ಮೊದಲು ಬಾಣಗಳು: ಒಂದು ಸ್ವಿಮ್‌ಲೇನ್ ಚಿತ್ರದ ಅನುಭವ

ಪೂರೈಕೆದಾರರ ಬಿಲ್ ಪಾವತಿ ಏಕೆ ತಡವಾಗುತ್ತದೆ ಎಂಬುದನ್ನು ಒಂದೇ ಸ್ಲೈಡಿನಲ್ಲಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲ ಪ್ರಯತ್ನದಲ್ಲಿ, ಸ್ವಿಮ್‌ಲೇನ್ ಚಿತ್ರದ ರೂಢಿಯಂತೆ ಪ್ರತಿ ವಿಭಾಗಕ್ಕೂ ಒಂದೊಂದು ಪಟ್ಟೆ ಎಳೆದು, ಆ ವಿಭಾಗದವರು ಹೇಳಿದ ಹಂತಗಳನ್ನೆಲ್ಲ ಅದರೊಳಗೆ ಚೌಕಗಳಾಗಿ ಬರೆದೆ. ಮೂವತ್ತನಾಲ್ಕು ಚೌಕಗಳಾದವು, ಅಕ್ಷರ 8 ಪಾಯಿಂಟಿಗೆ ಇಳಿಯಿತು, ಮತ್ತು ಕಾಗದ ಎಲ್ಲಿ ಕೈ ಬದಲಾಯಿಸುತ್ತದೆ ಎಂಬುದೇ ಕಾಣದಾಯಿತು.

ಎರಡನೆಯ ಸಲ ಚೌಕಗಳನ್ನು ಬದಿಗಿಟ್ಟು, ಯಾರು ಯಾರಿಗೆ ಏನನ್ನು ಕೊಡುತ್ತಾರೆ ಎಂಬುದನ್ನಷ್ಟೇ ಹಾಳೆಯಲ್ಲಿ ಬರೆದುಕೊಂಡೆ. ಹತ್ತು ಹಸ್ತಾಂತರಗಳು ಸಿಕ್ಕವು. ಎರಡು ಹಸ್ತಾಂತರಗಳ ನಡುವೆ ಒಂದೇ ವಿಭಾಗದೊಳಗೆ ನಡೆಯುವ ಕೆಲಸ ಎಷ್ಟೇ ಹಂತಗಳದ್ದಾಗಿದ್ದರೂ ಅದಕ್ಕೆ ಒಂದೇ ಚೌಕ ಎಂಬ ನಿಯಮ ಹಾಕಿಕೊಂಡ ಮೇಲೆ, 12 ಪಾಯಿಂಟಿನ ಅಕ್ಷರಕ್ಕೆ ಜಾಗ ಸಾಕಾಯಿತು. ಪ್ರತಿ ಹಸ್ತಾಂತರಕ್ಕೂ ಒಂದು ಬಾಣ ಎಳೆದು, ಅದರ ಮೇಲೆ ಕ್ರಮಸಂಖ್ಯೆಯನ್ನೂ ಕೈಬದಲಾಗುವ ವಸ್ತುವಿನ ಹೆಸರನ್ನೂ ಬರೆದೆ.

ಪಟ್ಟೆಗಳ ಕ್ರಮಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಕೆಲಸ ಸಾಗುವ ಕ್ರಮದಲ್ಲೇ ಕೋರಿಕೆ ಸಲ್ಲಿಸುವ ವಿಭಾಗ, ಖರೀದಿ, ಪೂರೈಕೆದಾರ, ಉಗ್ರಾಣ, ಲೆಕ್ಕಪತ್ರ ಎಂದು ಜೋಡಿಸಿದಾಗ ಹತ್ತರಲ್ಲಿ ಏಳು ಬಾಣಗಳು ನಡುವಿನ ಪಟ್ಟೆಗಳನ್ನು ಹಾರಿ ಹೋಗುತ್ತಿದ್ದವು. ಹೆಚ್ಚು ಕೊಡುಕೊಳ್ಳುವಿಕೆ ಇರುವವರು ಅಕ್ಕಪಕ್ಕ ಬರುವಂತೆ ಲೆಕ್ಕಪತ್ರವನ್ನು ಎರಡನೆಯ ಪಟ್ಟೆಗೆ ತಂದಾಗ ಅಂಥವು ನಾಲ್ಕಕ್ಕೆ ಇಳಿದವು.

ಪ್ರತಿ ಬಾಣದ ಎರಡೂ ತುದಿಯಲ್ಲಿರುವವರನ್ನು ಬೇರೆಬೇರೆಯಾಗಿ ಕೇಳುವುದು ನನ್ನ ಪದ್ಧತಿ. ನಾಲ್ಕನೆಯ ಬಾಣದಲ್ಲಿ ಅದು ಫಲ ಕೊಟ್ಟಿತು. ಸರಕು ಬಂದ ಕೂಡಲೇ ಸ್ವೀಕೃತಿ ಪತ್ರವನ್ನು ಖರೀದಿಗೆ ಕಳುಹಿಸುತ್ತೇವೆ ಎಂದು ಉಗ್ರಾಣದವರು ಹೇಳಿದರು. ಖರೀದಿಯವರು, "ಅದು ನಮ್ಮ ಮಾಹಿತಿಗೆ ಬರುವ ಪ್ರತಿ ಅಷ್ಟೇ ಸರ್, ಅದರ ಮೇಲೆ ನಾವು ಮಾಡುವುದು ಏನೂ ಇಲ್ಲ" ಎಂದರು. ಚಿತ್ರದಲ್ಲಿ ಆ ಬಾಣ ಖರೀದಿಯ ಪಟ್ಟೆಯನ್ನು ಮುಟ್ಟಿ, ಮುಂದೆ ಯಾವ ಚೌಕವೂ ಇಲ್ಲದೆ ನಿಂತಿತು. ಆದೇಶ, ಸ್ವೀಕೃತಿ ಪತ್ರ, ಬಿಲ್ ಮೂರನ್ನೂ ತಾಳೆ ನೋಡಬೇಕಾದ ಲೆಕ್ಕಪತ್ರದವರಾದರೋ ಬಿಲ್ ಕೈಸೇರಿದ ನಂತರ ಖರೀದಿಗೆ ಪತ್ರ ಬರೆದು ಸ್ವೀಕೃತಿ ತರಿಸಿಕೊಳ್ಳುತ್ತಿದ್ದರು. ಆರು ಮತ್ತು ಏಳನೆಯ ಬಾಣಗಳು ಹುಟ್ಟಿದ್ದು ಇದರಿಂದಲೇ. ನಾಲ್ಕನೆಯದೂ ಸೇರಿ ಈ ಮೂರು ಬಾಣಗಳನ್ನು ಮಾತ್ರ ಕೆಂಪು ಮಾಡಿ, ಉಳಿದೆಲ್ಲವನ್ನೂ ಬೂದುಬಣ್ಣದಲ್ಲಿ ಬಿಟ್ಟೆ.

ಸ್ವೀಕೃತಿ ಪತ್ರ ಉಗ್ರಾಣದಿಂದ ನೇರವಾಗಿ ಲೆಕ್ಕಪತ್ರಕ್ಕೆ ಹೋಗಲಿ ಎಂಬ ತೀರ್ಮಾನವಾದಾಗ ಮೂರು ಬಾಣಗಳ ಜಾಗದಲ್ಲಿ ಒಂದು ಬಂದು, ಹಸ್ತಾಂತರಗಳು ಎಂಟಾದವು. ಹೊಸ ಬಾಣ ಎರಡು ಪಟ್ಟೆಗಳನ್ನು ಹಾರಿ ಹೋಗುತ್ತದೆ, ನೋಡಲು ಅಷ್ಟು ಚೆನ್ನಾಗಿಲ್ಲ. ಆದರೂ ಪಟ್ಟೆಗಳ ಕ್ರಮವನ್ನು ಮತ್ತೆ ಬದಲಿಸಲಿಲ್ಲ. ಹಳೆಯ ಸ್ಲೈಡನ್ನೂ ಹೊಸದನ್ನೂ ಒಂದರ ಪಕ್ಕ ಒಂದಿಟ್ಟು ನೋಡುವವರಿಗೆ ಪ್ರತಿ ವಿಭಾಗವೂ ಮೊದಲಿದ್ದ ಜಾಗದಲ್ಲೇ ಸಿಗಬೇಕಿತ್ತು.