96 ಕಿಲೋಜೂಲ್ ಎಲ್ಲಿಗೆ ಹೋಯ್ತು?

ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವ ನನ್ನ ಬಾಯಲ್ಲಿ ಒಂದು ಸಿದ್ಧ ಉತ್ತರ ಇತ್ತು. ಬಾಂಡ್ ಎಂಥಾಲ್ಪಿ ಹಾಕಿ ಲೆಕ್ಕ ಮಾಡಿದಾಗ ಉತ್ತರ ಪುಸ್ತಕದ ಬೆಲೆಗೆ ಹೊಂದದಿದ್ದರೆ, "ಅವು ಸರಾಸರಿ ಬೆಲೆಗಳು, ಸ್ವಲ್ಪ ವ್ಯತ್ಯಾಸ ಬರುತ್ತೆ" ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಒಂದು ದಿನ ಎಥನಾಲ್ ಉರಿಯುವ ಲೆಕ್ಕ ಮಾಡಿಸುವಾಗ ಈ ಉತ್ತರ ಕೈಕೊಟ್ಟಿತು.

ಲೆಕ್ಕ ಇದು:

C₂H₅OH + 3O₂ → 2CO₂ + 3H₂O

ಎಡಗಡೆ ಇರುವ ಬಂಧಗಳನ್ನೆಲ್ಲ ಮುರಿಯಬೇಕು, ಬಲಗಡೆಯವನ್ನು ಕಟ್ಟಬೇಕು. ಒಂದು ಎಥನಾಲ್ ಅಣುವಿನಲ್ಲಿ ಒಂದು C–C (347), ಐದು C–H (ತಲಾ 413), ಒಂದು C–O (358), ಒಂದು O–H (463). ಕೂಡಿದರೆ ಮೋಲ್‌ಗೆ 3233 ಕಿಲೋಜೂಲ್. ಮೂರು O=O ಮುರಿಯಲು 3 × 498, ಅಂದರೆ 1494. ಖರ್ಚು ಒಟ್ಟು 4727. ಬಲಗಡೆ ನಾಲ್ಕು C=O (ತಲಾ 805) ಮತ್ತು ಆರು O–H. 3220 ಮತ್ತು 2778 ಕೂಡಿದರೆ 5998. ಖರ್ಚಿನಲ್ಲಿ ಆದಾಯ ಕಳೆದರೆ −1271.

ಪುಸ್ತಕದ ಹಿಂದಿನ ಟೇಬಲ್‌ನಲ್ಲಿ ಎಥನಾಲ್‌ನ ದಹನ ಎಂಥಾಲ್ಪಿ −1367. ನಾನು ಎಂದಿನ ಮಾತು ಹೇಳಿದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಸರಾಸರಿ ಅಂದ್ರೆ ಒಂದು ಜಾಸ್ತಿ, ಒಂದು ಕಮ್ಮಿ ಇರಬೇಕಲ್ವಾ? ಎಲ್ಲಾ ಒಂದೇ ಕಡೆಗೆ ವಾಲಿ 96 ಹೇಗೆ ಬಂತು?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳ್ತೀನಿ ಎಂದು ಬೋರ್ಡ್ ಒರೆಸಿದೆ.

ಸಂಜೆ ಮನೆಯಲ್ಲಿ ಕೂತು ಮೊದಲು ಮಾಡಿದ ಕೆಲಸ, ಅದೇ ಲೆಕ್ಕವನ್ನು ಇನ್ನೊಂದು ದಾರಿಯಲ್ಲಿ ಮಾಡಿದ್ದು. ಹೆಸ್ ನಿಯಮ ಹೇಳುವುದು ಇಷ್ಟೇ ಅಲ್ವಾ: ಹೊರಟ ಜಾಗ, ತಲುಪಿದ ಜಾಗ ಒಂದೇ ಆದರೆ ಯಾವ ದಾರಿಯಲ್ಲಿ ಹೋದರೂ ಒಟ್ಟು ಎಂಥಾಲ್ಪಿ ಬದಲಾವಣೆ ಒಂದೇ. ಉತ್ಪತ್ತಿ ಎಂಥಾಲ್ಪಿಗಳನ್ನು ಹಾಕಿದೆ. CO₂ −393.5, ದ್ರವ ನೀರು −285.8, ದ್ರವ ಎಥನಾಲ್ −277.7. ಉತ್ತರ −1366.7. ಟೇಬಲ್ ಸರಿಯಾಗಿಯೇ ಇದೆ.

ಬರೆಯುತ್ತಾ "ದ್ರವ" ಎಂಬ ಪದ ಎರಡನೇ ಸಲ ಬಂದಾಗ ಕೈ ನಿಂತಿತು. ಬೆಳಗ್ಗೆ ಬೋರ್ಡ್ ಮೇಲೆ ನಾನು ಯಾವುದಕ್ಕೂ (l), (g) ಅಂತ ಬರೆದೇ ಇರಲಿಲ್ಲ. ಬಾಂಡ್ ಎಂಥಾಲ್ಪಿ ಎಂದರೆ ಅನಿಲ ರೂಪದ ಅಣುವಿನ ಬಂಧ ಮುರಿದು ಅನಿಲ ರೂಪದ ಚೂರುಗಳಾಗಿಸಲು ಬೇಕಾದ ಶಕ್ತಿ. ಅಣುಗಳು ಒಂದಕ್ಕೊಂದು ಅಂಟಿಕೊಂಡು ದ್ರವ ಆಗಿರುವ ವಿಷಯ ಆ ಟೇಬಲ್‌ಗೆ ಗೊತ್ತೇ ಇಲ್ಲ. ಅಂದರೆ ನಾನು ಮಾಡಿದ್ದು ಎಥನಾಲ್ ಆವಿ ಉರಿದು ನೀರಾವಿ ಆಗುವ ಲೆಕ್ಕ. ಹೋಲಿಸಿದ್ದು ದ್ರವ ಎಥನಾಲ್ ಉರಿದು ದ್ರವ ನೀರಾಗುವ ಬೆಲೆಗೆ. ಎರಡೂ ಬೇರೆ ಬೇರೆ ಕ್ರಿಯೆಗಳು.

ಹಾಳೆಯ ಮೇಲೆ ಚೌಕ ಎಳೆದು ದಾರಿ ಹಾಕಿದೆ. ದ್ರವ ಎಥನಾಲ್ ಮೊದಲು ಆವಿ ಆಗಬೇಕು, ಅದಕ್ಕೆ +42.3. ಆಮೇಲೆ ಆವಿ ಉರಿಯಬೇಕು, ನನ್ನ ಲೆಕ್ಕದ −1271. ಕೊನೆಗೆ ಮೂರು ಮೋಲ್ ನೀರಾವಿ ನೀರಾಗಬೇಕು, 3 × −44, ಅಂದರೆ −132. ಮೂರನ್ನೂ ಕೂಡಿದರೆ ಸುಮಾರು −1361. 96ರ ವ್ಯತ್ಯಾಸ 6ಕ್ಕೆ ಇಳಿಯಿತು. ಅಷ್ಟೂ ವರ್ಷ ನಾನು ಸರಾಸರಿಯ ತಲೆಗೆ ಕಟ್ಟಿದ ತಪ್ಪಿನಲ್ಲಿ 90 ಕಿಲೋಜೂಲ್ ಬರೀ ನೀರು ಮತ್ತು ಎಥನಾಲ್ ಆವಿಯಾಗುವ, ತಣಿಯುವ ಶಕ್ತಿ!

ಆದರೆ ಈಗ ಇನ್ನೊಂದು ಅನುಮಾನ. ಸರಾಸರಿ ಬೆಲೆಗಳಿಂದ ಬರೀ 6 ವ್ಯತ್ಯಾಸ ಅಂದರೆ ತುಂಬಾ ಚೆನ್ನಾಗಿ ಹೊಂದಿತು. ಅದೃಷ್ಟವಾ? ನೋಡೋಣ ಎಂದು ಟೇಬಲ್‌ನ ಒಂದೊಂದು ಬೆಲೆಯನ್ನೂ ನಾನೇ ಕಟ್ಟಲು ಕೂತೆ.

CO₂ ತೆಗೆದುಕೊಳ್ಳಿ. ಅದನ್ನು ಒಡೆದು ಗ್ರಾಫೈಟ್ ಮತ್ತು ಆಕ್ಸಿಜನ್ ಅಣುಗಳವರೆಗೆ ಹಿಂದಕ್ಕೆ ಹೋಗಲು 393.5 ಬೇಕು. ಗ್ರಾಫೈಟನ್ನು ಬಿಡಿ ಇಂಗಾಲದ ಪರಮಾಣುಗಳಾಗಿಸಲು 717, ಒಂದು O₂ ಒಡೆಯಲು 498. ಒಟ್ಟು ಸುಮಾರು 1609. ಎರಡು ಬಂಧಕ್ಕೆ ಹಂಚಿದರೆ ತಲಾ 804 ಚಿಲ್ಲರೆ. ಟೇಬಲ್‌ನ 805 ಬಂದದ್ದೇ ಇಲ್ಲಿಂದ. ಅಂದರೆ CO₂ ವಿಷಯದಲ್ಲಿ ಅದು ಅಂದಾಜು ಅಲ್ಲ, ಅದೇ ಅಣುವನ್ನು ಅಳೆದು ಪಡೆದ ಬೆಲೆ. ಒಂದು ತಮಾಷೆ ನೋಡಿ: ನಿಜವಾಗಿ ಒಂದೊಂದಾಗಿ ಮುರಿದರೆ ಮೊದಲ ಆಕ್ಸಿಜನ್ ಕೀಳಲು ಸುಮಾರು 532 ಸಾಕು, ಉಳಿದ CO ಒಡೆಯಲು 1077 ಬೇಕು. 805 ಎಂಬುದು ಯಾವ ಹಂತದಲ್ಲೂ ಇಲ್ಲ. ಎರಡನ್ನೂ ಮುರಿಯುವವರೆಗೆ ಮಾತ್ರ ಅದನ್ನು ನಂಬಬಹುದು.

ನೀರಿಗೂ ಹೀಗೇ ಮಾಡಿದೆ. ಎರಡು O–H ಒಡೆಯಲು 927, ಅರ್ಧ 463.5. ಅದೂ ನೀರಿನದೇ ಬೆಲೆ. O₂ ಕೇಳುವುದೇ ಬೇಡ. ಹಾಗಾಗಿ ಇಡೀ ಲೆಕ್ಕದಲ್ಲಿ ನಿಜವಾದ ಅಂದಾಜು ಇದ್ದದ್ದು ಎಥನಾಲ್ ಒಂದರಲ್ಲೇ. ಬಾಂಡ್ ಕೂಡಿದಾಗ 3233 ಬಂದಿತ್ತು, ಉತ್ಪತ್ತಿ ಎಂಥಾಲ್ಪಿ ಹಿಡಿದು ಹೆಸ್ ಚಕ್ರದ ದಾರಿಯಲ್ಲಿ ಹೋದಾಗ 3226 ಬಂತು. ತಪ್ಪು 7, ಸಿಕ್ಕಿಬಿತ್ತು. ಉಳಿದ ಒಂದು, ದಶಮಾಂಶ ಬಿಟ್ಟದ್ದರಿಂದ.

ಇದೇ ಕಾರಣಕ್ಕೆ ಇನ್ನೊಂದು ಹಳೆಯ ಎಡವಟ್ಟೂ ಅರ್ಥ ಆಯ್ತು. ಹಿಂದೆ ಒಮ್ಮೆ ಒಂದು ಗೈಡ್ ನೋಡಿ C=O ಗೆ 745 ಹಾಕಿ ಮಾಡಿಸಿದ್ದೆ, ಉತ್ತರ −1031 ಬಂದಿತ್ತು. 745 ಇರುವುದು ಅಸಿಟೋನ್‌ನಂಥ ಕೀಟೋನ್‌ಗಳಿಗೆ. CO₂ನಲ್ಲಿ ಬಂಧ ಇನ್ನೂ ಗಟ್ಟಿ. ನಾಲ್ಕು ಬಂಧಕ್ಕೆ ತಲಾ 60 ಕಡಿಮೆ ಆದರೆ 240 ಹೋಯಿತು. ವ್ಯತ್ಯಾಸ 200 ದಾಟಿದರೆ ನಾನೀಗ ಮೊದಲು ನೋಡುವುದು ಈ ಬೆಲೆಯನ್ನೇ. ಅದು ಸರಿಯಿದ್ದರೆ ಆಮೇಲೆ ಬಂಧಗಳನ್ನು ಮತ್ತೆ ಎಣಿಸುತ್ತೇನೆ. ವ್ಯತ್ಯಾಸ ನೀರಿನ ಮೋಲ್‌ಗೆ 44ರ ಆಸುಪಾಸಿನಲ್ಲಿದ್ದರೆ (l), (g) ನೋಡುತ್ತೇನೆ.

ಮಾರನೇ ದಿನ ಇದನ್ನೆಲ್ಲ ಬೋರ್ಡ್ ಮೇಲೆ ಹಾಕಿದೆ. ಆ ಹುಡುಗಿಗೆ ಸಮಾಧಾನ ಆಯಿತು, ಆದರೆ ನಾನೇ ಒಂದು ಲೆಕ್ಕ ಕೊಟ್ಟು ಅವಳನ್ನು ಮತ್ತೆ ಕೆಣಕಿದೆ. ಅಡುಗೆ ಗ್ಯಾಸ್ ಸಿಲಿಂಡರ್‌ನಲ್ಲಿ ಉದ್ದ ಸರಪಳಿಯ ಬ್ಯುಟೇನ್ ಇರುತ್ತದೆ. ಅದು ಕವಲೊಡೆದ ಐಸೊಬ್ಯುಟೇನ್ ಆದರೆ ΔH ಎಷ್ಟು? ಎರಡರಲ್ಲೂ ಮೂರು C–C, ಹತ್ತು C–H. ಬಾಂಡ್ ಲೆಕ್ಕ ಸೊನ್ನೆ ಅನ್ನುತ್ತದೆ. ಉತ್ಪತ್ತಿ ಎಂಥಾಲ್ಪಿಗಳನ್ನು ಕಳೆದರೆ ಸುಮಾರು −8 ಬರುತ್ತದೆ. ಇಲ್ಲಿ ಎರಡೂ ಅನಿಲ, ತಪ್ಪು ಎಣಿಕೆಯೂ ಇಲ್ಲ. ಸರಾಸರಿ ಟೇಬಲ್‌ಗೆ ಕವಲು ಕಾಣುವುದೇ ಇಲ್ಲ. 1300ರ ಉತ್ತರದಲ್ಲಿ 7 ತಪ್ಪಾದರೆ ಯಾರೂ ಕೇಳುವುದಿಲ್ಲ. ಉತ್ತರವೇ 8 ಇದ್ದಾಗ ಟೇಬಲ್ ಮುಚ್ಚಿಟ್ಟು ಚಕ್ರ ಬರೆಯಬೇಕು.

"ಹಾಗಾದ್ರೆ ಪರೀಕ್ಷೆಯಲ್ಲಿ ಸೊನ್ನೆ ಬರೀಲಾ, ಎಂಟು ಬರೀಲಾ ಮೇಡಂ?" ಎಂದು ಕೇಳಿದಳು. ಯಾವ ಟೇಬಲ್ ಕೊಟ್ಟಿದ್ದಾರೋ ಅದನ್ನು ನೋಡಿ ಬರಿ ಎಂದೆ. ಅವಳು ನಕ್ಕು ಕೂತಳು.